ಎಳ್ಳಮಾಸಿ ರಾತ್ರಿ ಹಿಡಿದ ಕಾಲು ಸೆಳೆತ

ನಾನಾಗ ಏಳು ತಿಂಗಳ ಬಸುರಿ. ಎಳ್ಳಮಾಸಿಗೆ ಬೀದರ್ ಹತ್ತಿರದ ನಮ್ಮ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿದ ಮೇಲೆ ಬಂದವರಿಗೆಲ್ಲ ಸಜ್ಜಿ ರೊಟ್ಟಿ, ಭಜ್ಜಿ ಬಡಿಸುತ್ತಾ ಹೆಚ್ಚುಕಡಿಮೆ ಇಡೀ ದಿನ ನಿಂತೇ ಇದ್ದೆ. ನೀರು ಬೇಕಂತಲೇ ಕಡಿಮೆ ಕುಡಿದೆ. ಹೊಲದಲ್ಲಿ ಪದೇ ಪದೇ ಮೂತ್ರಕ್ಕೆ ಎಲ್ಲಿಗೆ ಹೋಗೋದು, ಅಲ್ವಾ?

ರಾತ್ರಿ ಎರಡೂವರೆ ಇರಬೇಕು. ನಿದ್ದೆಯಲ್ಲೇ ಮೈಮುರಿದು ಕಾಲು ಚಾಚಿದೆ. ಎಡಗಾಲಿನ ಮೀನಖಂಡ ಕಲ್ಲಿನಂಗೆ ಗಟ್ಟಿಯಾಗಿ ಗಂಟು ಕಟ್ಟಿತು. ನಾನು ಚೀರಿದ್ದಕ್ಕೆ ನಮ್ಮವರು ಎದ್ದು ಗಾಬರಿಯಲ್ಲಿ ಅದನ್ನೇ ಹಿಡಿದು ತಿಕ್ಕತೊಡಗಿದರು, ನಾನೋ ನೋವಿಗೆ ಬೆರಳುಗಳನ್ನು ಇನ್ನೂ ಕೆಳಗೆ ಚಾಚುತ್ತಿದ್ದೆ, ಹಾಗೆ ಮಾಡಿದಷ್ಟೂ ಗಂಟು ಬಿಗಿಯಾಗುತ್ತಿತ್ತು.

ಅಷ್ಟರಲ್ಲಿ ಅತ್ತಿ ಬಂದರು. "ತಿಕ್ಕಬ್ಯಾಡಪ್ಪ, ಮೊದಲ ಬೆರಳು ಮ್ಯಾಲ ಮಾಡು" ಅಂದರು. ನನ್ನ ಮೊಣಕಾಲು ನೆಟ್ಟಗೆ ಮಾಡಿ, ಒಂದು ಅಂಗೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದು ಕೈಯಿಂದ ಪಾದದ ಮುಂಭಾಗವನ್ನು ಮೆಲ್ಲಗೆ ನನ್ನ ಮೊಣಕಾಲಿನ ಕಡೆ ಒತ್ತಿದರು. ಜಗ್ಗಲಿಲ್ಲ, ಸುಮ್ನೆ ಒತ್ತಿ ಹಿಡಿದರು. ಮೂವತ್ತು ಎಣಿಸುವಷ್ಟರಲ್ಲಿ ಗಂಟು ಸಡಿಲಾಯಿತು. ಆಮೇಲೆ ಗೋಡೆ ಹಿಡಿದು ಹಿಮ್ಮಡಿ ನೆಲಕ್ಕೆ ಊರಿ ನಾಲ್ಕು ಹೆಜ್ಜೆ ನಡೆದೆ. ಬಿಸಿನೀರಿನ ಬ್ಯಾಗ್ ಇಟ್ಟಿದ್ದು, ಮೆಲ್ಲಗೆ ನೀವಿದ್ದು ಎಲ್ಲ ಅದಾದ ಮೇಲೆಯೇ. ಸೆಳೆತ ಅಂದರೆ ಮೀನಖಂಡ ತಾನಾಗಿಯೇ ಕುಗ್ಗಿ ಹಿಡಿದುಕೊಳ್ಳೋದು, ಪಾದ ಮೇಲೆ ಬಂದರೆ ಅದು ಉದ್ದ ಆಗಲೇಬೇಕು. ಬೆರಳು ಕೆಳಗೆ ಚಾಚಿದರೆ ಇನ್ನೂ ಕುಗ್ಗುತ್ತೆ, ನಾನು ಮಾಡಿದ್ದು ಅದನ್ನೇ.

ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಮೇಡಂಗೆ ಕೇಳಿದೆ. ಬಸುರಿಯಲ್ಲಿ ಇದು ಯಾಕೆ ಬರುತ್ತೆ ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಂದರು. ಹೆಚ್ಚಿದ ಭಾರಕ್ಕೆ ದಣಿದ ಸ್ನಾಯು, ಕಾಲಿನ ರಕ್ತ ಮೇಲೆ ಹರಿಯೋದು ನಿಧಾನವಾಗೋದು, ನೀರು ಸಾಲದೆ ಹೋಗೋದು, ಕೆಲವರಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕಡಿಮೆ ಇರೋದು, ಇವೆಲ್ಲ ಸೇರಿರಬಹುದು. ಆದರೆ ಕ್ಯಾಲ್ಸಿಯಂ ಮಾತ್ರೆ ಜಾಸ್ತಿ ನುಂಗಿದರೆ ಸೆಳೆತ ನಿಲ್ಲುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಮೆಗ್ನೀಸಿಯಂದೂ ಹಾಗೇ. ಅವರು ಕೊಟ್ಟ ಕ್ಯಾಲ್ಸಿಯಂ ಊಟದ ಜೊತೆ ತಗೋ, ಕಬ್ಬಿಣದ ಮಾತ್ರೆ ಎರಡು ಗಂಟೆ ಬಿಟ್ಟು ತಗೋ ಅಂದರು, ಎರಡೂ ಒಟ್ಟಿಗೆ ಹೋದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ನಾವಾಗಿ ತರಬಾರದು ಅಂತ ಬಿಗಿಯಾಗಿ ಹೇಳಿದರು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಂಥವು ಬಸುರಿಯಲ್ಲಿ ಬೇಡ, ಐದು ತಿಂಗಳ ಮೇಲಂತೂ ಮಗುವಿನ ಮೂತ್ರಪಿಂಡಕ್ಕೆ ಕೆಟ್ಟದ್ದು.

ಅವತ್ತಿನಿಂದ ಮಲಗುವ ಮೊದಲು ಗೋಡೆಗೆ ಕೈ ಊರಿ ಒಂದು ಕಾಲು ಹಿಂದಿಡುತ್ತಿದ್ದೆ. ಹಿಂದಿನ ಮೊಣಕಾಲು ನೆಟ್ಟಗೆ, ಹಿಮ್ಮಡಿ ನೆಲ ಬಿಡಬಾರದು. ಮೀನಖಂಡ ಜಗ್ಗಿದಂಗಾಗುವಷ್ಟು ಮುಂದಕ್ಕೆ ಬಾಗಿ ಮೂವತ್ತು ಎಣಿಸೋದು, ಪ್ರತಿ ಕಾಲಿಗೆ ಮೂರು ಸಲ. ನಮ್ಮ ಕೌದಿ ಭಾರ. ಅಂಗಾತ ಮಲಗಿದಾಗ ಅದು ಪಾದವನ್ನು ರಾತ್ರಿಯೆಲ್ಲ ಕೆಳಗೆ ಒತ್ತುತ್ತಿತ್ತು. ಎಡಮಗ್ಗುಲಾಗಿ ಮಲಗಿ, ಕಾಲಿನ ಹತ್ತಿರ ಅದನ್ನು ಸಡಿಲ ಬಿಟ್ಟೆ. ಹಗಲು ನೀರನ್ನು ನೆನಪಿಟ್ಟು ಕುಡಿದೆ, ಚಳಿಗಾಲದಲ್ಲಿ ಬಾಯಾರಿಕೆ ಹೇಳಲ್ಲ. ವಾರಕ್ಕೆ ಮೂರ್ನಾಲ್ಕು ರಾತ್ರಿ ಬರುತ್ತಿದ್ದ ಸೆಳೆತ ಒಂದಕ್ಕಿಳಿಯಿತು. ಪೂರ್ತಿ ನಿಲ್ಲಲಿಲ್ಲ.

ಎಂಟನೇ ತಿಂಗಳಲ್ಲಿ ಒಂದು ಸಲ ಹೆದರಿದ್ದೆ. ಸೆಳೆತ ಬಿಟ್ಟಮೇಲೆ ಒಂದು ದಿನ ಹುಣ್ಣಿನಂಥ ನೋವು ಉಳಿಯೋದು ಸಾಮಾನ್ಯ. ಅವತ್ತು ಎರಡು ದಿನವಾದರೂ ಎಡಗಾಲು ನೋಯುತ್ತಲೇ ಇತ್ತು, ಬಲಗಾಲಿಗಿಂತ ದಪ್ಪ ಕಂಡಿತು. ಅತ್ತಿ ಎಣ್ಣೆ ಹಚ್ಚಿ ತಿಕ್ಕೋಣ ಅಂದರು, ನಾನು ಬೇಡ ಅಂದು ಅದೇ ದಿನ ಆಸ್ಪತ್ರೆಗೆ ಹೋದೆ. ಬಸುರಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತೆ, ಎಡಗಾಲಿನಲ್ಲೇ ಜಾಸ್ತಿ. ಅಂಥ ಕಾಲು ತಿಕ್ಕಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸೆಳೆತ ನಿಮಿಷಗಳಲ್ಲಿ ಬಿಡುತ್ತೆ. ಹೆಪ್ಪಿನ ನೋವು ಬಿಡಲ್ಲ, ಒಂದೇ ಕಾಲು ಊದಿಕೊಳ್ಳುತ್ತೆ, ಮುಟ್ಟಿದರೆ ಬೆಚ್ಚಗಿರುತ್ತೆ, ಕೆಂಪಾಗಲೂಬಹುದು. ಮೇಡಂ ಎರಡೂ ಮೀನಖಂಡಕ್ಕೆ ಟೇಪ್ ಸುತ್ತಿ ಅಳೆದು, ಡಾಪ್ಲರ್ ಸ್ಕ್ಯಾನ್ ಬರೆದರು. ಹೆಪ್ಪು ಇರಲಿಲ್ಲ. ಜೊತೆಗೆ ಉಸಿರು ಸಿಕ್ಕಿದಂಗಾದರೆ, ಎದೆ ನೋವು ಬಂದರೆ ರಾತ್ರಿಯೇ ಇರಲಿ ಕಾಯಬೇಡ ಅಂದರು.

ಹೆರಿಗೆಯಾದ ಮೇಲೆ ನನಗೆ ಸೆಳೆತ ಬರಲಿಲ್ಲ. ಆದರೆ ಹೆಪ್ಪಿನ ಭಯ ಆರು ವಾರ ಇರುತ್ತೆ ಅಂದಿದ್ದರು. ತವರಿನಲ್ಲಿ ಅವ್ವ ಎಣ್ಣೆ ಹಚ್ಚುವ ಮೊದಲು ನನ್ನ ಎರಡೂ ಕಾಲು ಜೋಡಿಸಿ, ಒಂದಕ್ಕೊಂದು ಸಮ ಇವೆಯಾ ಅಂತ ದಿನಾ ನೋಡುತ್ತಿದ್ದಳು.