ಎಲ್‌ಇಡಿ ಸುರುಳಿ ದೀಪ, ಮೂರನೇ ವಾರ: ಪಟ್ಟಿ ಎರಡೇ ಸುತ್ತಿಗೆ ಮೇಲೆ ಮುಟ್ಟಿತು!

110 ಮಿ.ಮೀ. ಪಿವಿಸಿ ಪೈಪು, 60 ಸೆಂ.ಮೀ. ಎತ್ತರ. ಅದಕ್ಕೆ 5 ಮೀಟರ್ ಎಲ್‌ಇಡಿ ಪಟ್ಟಿ ಸುತ್ತಬೇಕು, ಒಂದೊಂದು ಸುತ್ತಿಗೆ 40 ಮಿ.ಮೀ. ಮೇಲೇರಬೇಕು. ಯಾವ ಕೋನದಲ್ಲಿ ಅಂಟಿಸೋದು ಅಂತ ಗೊತ್ತಾಗಲು ಸುರುಳಿಯನ್ನು ಹೀಗೆ ಬರೆದುಕೊಂಡೆ:

```
r(t)  = (55 cos t, 55 sin t, 40 t)
r'(t) = (-55 sin t, 55 cos t, 40)
```

ಮೂರು ಭಾಗಗಳನ್ನೂ ಬೇರೆ ಬೇರೆಯಾಗಿ ಡಿಫರೆನ್ಶಿಯೇಟ್ ಮಾಡಿದರೆ ಸಾಕು, ಸ್ಪರ್ಶಕ ವೆಕ್ಟರ್ ಬಂದುಬಿಡುತ್ತೆ. ಮೊದಲ ಎರಡು ಸೇರಿ ಅಡ್ಡಡ್ಡ 55, ಮೂರನೆಯದು ಮೇಲಕ್ಕೆ 40. ಹಾಗಾದರೆ ಏರುವ ಕೋನ 36 ಡಿಗ್ರಿ. ಕೋನಮಾಪಕ ಇಟ್ಟು ಪೆನ್ಸಿಲ್ ಗೆರೆ ಎಳೆದು, ಅದರ ಮೇಲೆಯೇ ಪಟ್ಟಿ ಅಂಟಿಸಿಕೊಂಡು ಹೋದೆ. ಎರಡು ಸುತ್ತು ದಾಟಿ ಅರ್ಧಕ್ಕೆ ಬರುವಷ್ಟರಲ್ಲಿ ಪೈಪೇ ಮುಗಿದು, ಇನ್ನೂ ನಾಲ್ಕು ಮೀಟರ್‌ನಷ್ಟು ಪಟ್ಟಿ ಕೈಯಲ್ಲೇ ಉಳಿದಿತ್ತು.

ತಪ್ಪು ಆ 40ರಲ್ಲಿತ್ತು. ಒಂದು ಸುತ್ತು ಅಂದರೆ t 1 ಹೆಚ್ಚೋದಲ್ಲ, 2π ಹೆಚ್ಚೋದು. ನಾನು ಬರೆದ ಸುರುಳಿ ಸುತ್ತಿಗೆ 251 ಮಿ.ಮೀ. ಏರುತ್ತಿತ್ತು. 40 ಅನ್ನು 2π ಇಂದ ಭಾಗಿಸಿ 6.37 ಹಾಕಿದರೆ:

```
r'(t) = (-55 sin t, 55 cos t, 6.37)
|r'(t)| = √(55² + 6.37²) ≈ 55.37
```

ಕೋನ ಬರೀ 6.6 ಡಿಗ್ರಿ! ಕಿತ್ತು ತೆಗೆದ ಪಟ್ಟಿಯ ಅಂಟು ಅರ್ಧ ಹೋಗಿದೆ, ಇರಲಿ.

ವೇಗದ ಲೆಕ್ಕದಲ್ಲಿ sin² ಮತ್ತು cos² ಸೇರಿ 1 ಆಗೋದರಿಂದ t ಮಾಯ. ಸ್ಪರ್ಶಕದ ದಿಕ್ಕು ಕ್ಷಣಕ್ಷಣಕ್ಕೂ ತಿರುಗುತ್ತೆ, ಆದರೆ ಅದರ ಉದ್ದ ಮಾತ್ರ ಎಲ್ಲೆಲ್ಲೂ 55.37. ಇದನ್ನು 2π ಇಂದ ಗುಣಿಸಿದರೆ ಸುತ್ತಿಗೆ 348 ಮಿ.ಮೀ. ಪಟ್ಟಿ ಬೇಕು. ಈ ಸಲ ಲೆಕ್ಕವನ್ನು ಸುಮ್ನೆ ನಂಬಲಿಲ್ಲ. ಕಾಗದವನ್ನು ಪೈಪಿಗೆ ಸುತ್ತಿ, ಗೆರೆ ಎಳೆದು, ಬಿಡಿಸಿ ನೋಡಿದೆ. ಸುರುಳಿ ನೆಟ್ಟಗಿನ ಗೆರೆಯಾಯಿತು. ಸುತ್ತಳತೆ 345.6, ಎತ್ತರ 40 ಇರುವ ಲಂಬಕೋನ ತ್ರಿಕೋನದ ಕರ್ಣ ಅದು, ಅಳೆದರೆ 348. ಒಟ್ಟು 14 ಸುತ್ತು ಮತ್ತು ಸ್ವಲ್ಪ, ಎತ್ತರ 575 ಮಿ.ಮೀ., ಪೈಪಿಗೆ ಸರಿಯಾಗಿ ಕೂರುತ್ತೆ.

ವೇಗ ಬದಲಾಗದಿರೋದು ಕೋಡ್‌ಗೂ ಒಳ್ಳೇದಾಯ್ತು. ಮೀಟರಿಗೆ 60 ಬಲ್ಬ್ ಅಂದರೆ ಎರಡರ ನಡುವೆ 16.67 ಮಿ.ಮೀ.; ಅದನ್ನು 55.37 ಇಂದ ಭಾಗಿಸಿದರೆ ಒಂದೊಂದು ಬಲ್ಬಿಗೂ t 0.301 ಹೆಚ್ಚುತ್ತೆ. ಅಷ್ಟೇ:

```
t = 0.301 * i
z = 6.37 * t
```

100ನೇ ಬಲ್ಬ್ ಸುಮಾರು 192 ಮಿ.ಮೀ. ಎತ್ತರದಲ್ಲಿರಬೇಕು. ಟೇಪ್ ಹಿಡಿದು ನೋಡಿದೆ, 19 ಸೆಂ.ಮೀ. ಚಿಲ್ಲರೆ.

ಮುಂದಿನ ದೀಪ ಮೇಲಕ್ಕೆ ಹೋದಂತೆ ಕಿರಿದಾಗುವ ಶಂಕುವಿನ ಆಕಾರದ್ದು. ಅಲ್ಲಿ 55ರ ಜಾಗದಲ್ಲಿ 55 − 0.3t ಬರುತ್ತೆ, ಗುಣಾಕಾರದ ನಿಯಮದಿಂದ ಇನ್ನೊಂದು ಪದ ಸೇರಿಕೊಳ್ಳುತ್ತೆ, t 90 ಮುಟ್ಟುವಾಗ ವೇಗ 29ರ ಹತ್ತಿರಕ್ಕೆ ಇಳಿದಿರುತ್ತೆ. ಆಗ ಈ 0.301 ನಡೆಯಲ್ಲ ಅಲ್ವಾ, ಒಂದೊಂದು ಬಲ್ಬಿಗೂ ಆ ಜಾಗದ ವೇಗ ನೋಡಿ t ಮುಂದೂಡಬೇಕು. ಈ ಸಲ ಮೊದಲು ಕಾಗದದ ಮೇಲೆ, ಆಮೇಲೆ ಅಂಟು.