ಆಕಾಶದ ಬೆಳಕಿನ ದಾಖಲೆ: ಪೊಸಡಿ ಗುಂಪೆಯ ಅಡ್ಡ ಬಣ್ಣಪಟ್ಟಿ

ಊರವರು ತೆಗೆದ ಆಕಾಶದ ಫೋಟೋಗಳನ್ನು ಒಟ್ಟುಮಾಡಿ ವಿಂಗಡಿಸುವ ಕೆಲಸದಲ್ಲಿ ಈ ಸಲ ಪಟ್ಟಿಗೆ ಹೊಸ ಅಂಕಣವೊಂದು ಸೇರಿತು: ಫೋಟೋ ತೆಗೆದ ಹೊತ್ತಿಗೆ ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದ ಎಂಬುದು. ಊರು, ತಾರೀಕು, ಗಂಟೆ ಗೊತ್ತಿದ್ದರೆ ಸ್ಟೆಲೇರಿಯಂನಂಥ ಆ್ಯಪ್ ಆ ಸಂಖ್ಯೆಯನ್ನು ಕೊಡುತ್ತದೆ. ಚಿತ್ರವನ್ನು ದಿಟ್ಟಿಸಿ ನೋಡುವ ಮೊದಲೇ ಅರ್ಧದಷ್ಟು ಊಹೆಗಳನ್ನು ಅದು ಹೊಡೆದುಹಾಕುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ನೆಲದ ಮೇಲೆ ನಿಂತವನಿಗೆ ಆಕಾಶದಲ್ಲಿ ಮಳೆಬಿಲ್ಲು ಕಾಣದು, ಅದು ಪೂರ್ತಿ ದಿಗಂತದ ಕೆಳಗೆ ಹೋಗಿರುತ್ತದೆ. ಸೂರ್ಯನ ಎಡಬಲಕ್ಕೆ ಬಣ್ಣದ ಚುಕ್ಕೆಯಾಗಿ ಹೊಳೆಯುವ ಸನ್‌ಡಾಗ್ 60 ಡಿಗ್ರಿ ದಾಟಿದ ಮೇಲೆ ಇರುವುದಿಲ್ಲ. ಸಂಜೆಯ ಕಿರಣಗಳ ಫೋಟೋಗಳಿಗೆ ಇಷ್ಟೆಲ್ಲ ಬೇಡ. ಮೋಡದ ನೆರಳುಗಳು ಸೂರ್ಯನಿಂದಲೇ ಹೊರಟಂತೆ ಕಂಡರೆ ಸಾಕು.

ಈ ಅಂಕಣ ನಿಜಕ್ಕೂ ಕೆಲಸಕ್ಕೆ ಬಂದದ್ದು ಬದಿಯಡ್ಕದ ಪರಿಚಯದ ಟೀಚರ್ ಒಬ್ಬರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ. ಕಾಸರಗೋಡು ಜಿಲ್ಲೆಯ ಪೊಸಡಿ ಗುಂಪೆಯ ಗುಡ್ಡದಿಂದ ಪೂರ್ವಕ್ಕೆ, ಘಟ್ಟದ ಕಡೆಗೆ ಮೊಬೈಲ್ ನೆಟ್ಟಗೆ ಹಿಡಿದು ತೆಗೆದದ್ದು. ಮೇಲ್ಭಾಗದಲ್ಲಿ ಬೆಳ್ಳಗೆ ಸೂರ್ಯ, ತುಂಬ ಕೆಳಗೆ ತೆಳು ಮೋಡದಲ್ಲಿ ಅಡ್ಡಕ್ಕೆ ಹಾಸಿದ ಬಣ್ಣದ ಪಟ್ಟಿ. "ಮಳೆಯೇ ಇಲ್ಲದೆ ಮಳೆಬಿಲ್ಲು ಹೇಗೆ ಅಣ್ಣ, ಮಕ್ಕಳು ಕೇಳ್ತಾ ಇದ್ದಾರೆ" ಎಂದು ಬರೆದಿದ್ದರು. ವಾಟ್ಸಾಪ್‌ನಲ್ಲಿ ಬರುವಾಗ ಫೋಟೋದ ಒಳಗಿನ ಸಮಯದ ಮಾಹಿತಿ ಅಳಿಸಿಹೋಗಿರುತ್ತದೆ, ಹಾಗಾಗಿ ಕೇಳಿ ತಿಳಿದುಕೊಂಡೆ: ಏಪ್ರಿಲ್ 15, ಬೆಳಿಗ್ಗೆ 11:20.

ಆ ಹೊತ್ತಿಗೆ ಅಲ್ಲಿ ಸೂರ್ಯನ ಎತ್ತರ ಸುಮಾರು 72.6 ಡಿಗ್ರಿ. ಮಳೆಬಿಲ್ಲು ಅಲ್ಲ ಎನ್ನುವುದು ಅಲ್ಲಿಗೇ ತೀರ್ಮಾನವಾಯಿತು. ಮೇಲಾಗಿ ಮಳೆಬಿಲ್ಲು ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ ಕಾಣುವಂಥದ್ದು, ಇದು ಸೂರ್ಯನ ಕಡೆಗೇ ಇದೆ. ಉಳಿದ ಮುಖ್ಯ ಊಹೆ ಒಂದೇ, ಸರ್ಕಂಹರೈಜಾಂಟಲ್ ಆರ್ಕ್. ನನ್ನ ಪಟ್ಟಿಯಲ್ಲಿ ಅದನ್ನು ದಿಗಂತ ಕಮಾನು ಎಂದು ಬರೆದುಕೊಳ್ಳುತ್ತೇನೆ.

ಎತ್ತರದ ಸಿರಸ್ ಮೋಡಗಳಲ್ಲಿ ಆರು ಮೂಲೆಯ ಚಪ್ಪಟೆ ಮಂಜುಗಡ್ಡೆಯ ಬಿಲ್ಲೆಗಳಿರುತ್ತವೆ. ಸಾಕಷ್ಟು ಅಗಲವಾದವು ಬೀಳುವಾಗ ಗಾಳಿಯ ತಡೆಗೆ ಮಟ್ಟಸವಾಗಿ ನಿಲ್ಲುತ್ತವೆ. ಸೂರ್ಯ ಬಹಳ ಮೇಲಿದ್ದಾಗ ಬೆಳಕು ಬಿಲ್ಲೆಯ ನೆಟ್ಟನೆಯ ಪಕ್ಕದಿಂದ ಒಳಹೊಕ್ಕು ಕೆಳಗಿನ ಮೈಯಿಂದ ಹೊರಬರುತ್ತದೆ. ಈ ಎರಡು ಮೈಗಳ ನಡುವೆ 90 ಡಿಗ್ರಿ ಕೋನವಿದೆ, ಅಂದರೆ ಅದೊಂದು ದೊಡ್ಡ ಕೋನದ ಪಟ್ಟಕ. ಅದಕ್ಕೇ ಬಣ್ಣಗಳು ಇಷ್ಟು ಬಿಡಿಬಿಡಿಯಾಗಿ, ಎಷ್ಟೋ ಮಳೆಬಿಲ್ಲುಗಳಿಗಿಂತ ಶುದ್ಧವಾಗಿ ಕಾಣುತ್ತವೆ. ಕಮಾನಿನ ಎತ್ತರ e ಎಷ್ಟಿರಬೇಕೆಂಬುದು ಸೂರ್ಯನ ಎತ್ತರ h ಒಂದರಿಂದಲೇ ಸಿಗುತ್ತದೆ:

```
e = arccos( √(1.716 − sin² h) )
```

ಇಲ್ಲಿನ 1.716 ಎಂದರೆ ಮಂಜುಗಡ್ಡೆಯ ವಕ್ರೀಭವನಾಂಕ 1.31ರ ವರ್ಗ. h 58 ಡಿಗ್ರಿಗಿಂತ ಕಡಿಮೆಯಾದರೆ ಲೆಕ್ಕಕ್ಕೆ ಉತ್ತರವೇ ಇಲ್ಲ, ಆಕಾಶದಲ್ಲಿ ಕಮಾನೂ ಇಲ್ಲ. ಟೀಚರ್ ಕಳಿಸಿದ ಫೋಟೋಕ್ಕೆ ಉತ್ತರ 26.2 ಡಿಗ್ರಿ ಬಂತು. ಸೂರ್ಯನಿಂದ ಅದು 46.4 ಡಿಗ್ರಿ ಕೆಳಗೆ.

ಫೋಟೋದಲ್ಲಿ ಅಷ್ಟೇ ಅಂತರ ಇದೆಯೇ ಎಂದು ಅಳೆಯಬೇಕು. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 26 ಎಂಎಂ ಲೆನ್ಸಿಗೆ ಸಮ. ಅಂಥ ಫೋಟೋವನ್ನು ಕತ್ತರಿಸದೆ ಬರೀ ಕಿರಿದು ಮಾಡಿದ್ದರೆ, ಲೆನ್ಸಿನ ನಾಭಿದೂರ ಪಿಕ್ಸೆಲ್‌ಗಳಲ್ಲಿ ಚಿತ್ರದ ಕರ್ಣದ 0.6 ಪಾಲು. ನನಗೆ ಬಂದದ್ದು 1200 × 1600 ಅಳತೆಯದ್ದು, ಕರ್ಣ 2000, ಹಾಗಾಗಿ ನಾಭಿದೂರ 1200. ಸೂರ್ಯ ಚಿತ್ರದ ನಡುವಿನಿಂದ 560 ಪಿಕ್ಸೆಲ್ ಮೇಲಿದ್ದ, ಪಟ್ಟಿಯ ಮಧ್ಯ 470 ಪಿಕ್ಸೆಲ್ ಕೆಳಗೆ. ಎರಡೂ ಬಹುಮಟ್ಟಿಗೆ ಒಂದೇ ನೆಟ್ಟ ಗೆರೆಯಲ್ಲಿದ್ದುದರಿಂದ ಲೆಕ್ಕ ಸುಲಭವಾಯಿತು:

```
arctan(560/1200) = 25.0°
arctan(470/1200) = 21.4°
ಮೊತ್ತ            = 46.4°
```

ದಶಮಾಂಶದವರೆಗೆ ಹೊಂದಿದ್ದನ್ನು ನಾನು ಹೆಚ್ಚು ನಂಬುವುದಿಲ್ಲ. ಪಟ್ಟಿಯೇ ಒಂದೆರಡು ಡಿಗ್ರಿ ದಪ್ಪವಿದೆ, 26 ಎಂಎಂ ಎಂಬುದೂ ಅಂದಾಜು. ಆದರೆ ಸೂರ್ಯನ ಸುತ್ತ 22 ಡಿಗ್ರಿ ದೂರದಲ್ಲಿ ಮೂಡುವ ಸಾಮಾನ್ಯ ಹೇಲೋ ಬಳೆಯಲ್ಲ ಎನ್ನಲು ಈ ಅಳತೆ ಧಾರಾಳ ಸಾಕು.

ಇನ್ನೊಂದು ಸಂಶಯ ಉಳಿದಿತ್ತು. 46 ಡಿಗ್ರಿ ತ್ರಿಜ್ಯದ ಹೇಲೋ ಎಂಬುದೂ ಒಂದಿದೆ. ಬಹಳ ಮಬ್ಬು, ಅಪರೂಪ, ಆದರೂ ದೂರ ಒಂದೇ ಆದದ್ದರಿಂದ ತಳ್ಳಿಹಾಕುವ ಹಾಗಿರಲಿಲ್ಲ. ವ್ಯತ್ಯಾಸ ಇರುವುದು ಬಾಗಿನಲ್ಲಿ. ಹೇಲೋ ಸೂರ್ಯನನ್ನು ಸುತ್ತುತ್ತದೆ, ದಿಗಂತ ಕಮಾನು ದಿಗಂತಕ್ಕೆ ಸಮಾಂತರವಾಗಿರುತ್ತದೆ. ಹಾಗೆಂದು ಫೋಟೋದಲ್ಲಿ ಅದು ಗೆರೆ ಎಳೆದಂತೆ ನೇರ ಇರಬೇಕೆಂದು ಹುಡುಕಬಾರದು. ಕ್ಯಾಮೆರಾ ಮೇಲ್ಮುಖವಾಗಿ ವಾಲಿರುವುದರಿಂದ ಸಮಾಂತರದ ಗೆರೆಯೂ ತುದಿಗಳಲ್ಲಿ ಮೇಲಕ್ಕೆ ಬಾಗುತ್ತದೆ. ಈ ವಾಲಿಗೆ ಲೆಕ್ಕ ಹಾಕಿದರೆ, ಮಧ್ಯದಿಂದ 400 ಪಿಕ್ಸೆಲ್ ಪಕ್ಕಕ್ಕೆ ಹೋದಾಗ ದಿಗಂತ ಕಮಾನು ಸುಮಾರು 35 ಪಿಕ್ಸೆಲ್ ಏರಬೇಕು, ಹೇಲೋ ಆದರೆ ಸುಮಾರು 65. ಕೆಂಪು ಅಂಚನ್ನು ಹಿಡಿದು ಅಳೆದೆ. ಎರಡೂ ಕಡೆ 35ರ ಆಸುಪಾಸಿನಲ್ಲೇ ಇತ್ತು. ಪಟ್ಟಿಯಲ್ಲಿ ಇದನ್ನು ದಿಗಂತ ಕಮಾನು ಎಂದು ನಿಶ್ಚಯಿಸಿದ್ದು ಈ ಅಳತೆಯಿಂದಲೇ, ಮತ್ತು ಈ ದಾಖಲೆಯಲ್ಲಿ ನನಗೆ ಅತಿ ಸಂತೋಷ ಕೊಟ್ಟ ಅಳತೆ ಇದು.

ಬಣ್ಣದ ಕ್ರಮವನ್ನೂ ನೋಡಬೇಕು: ಕೆಂಪು ಮೇಲೆ, ಸೂರ್ಯನ ಕಡೆಗೆ, ನೇರಳೆ ಕೆಳಗೆ. ಮೋಡ ಚೂರುಚೂರಾಗಿದ್ದರೆ ಕಮಾನಿನ ತುಂಡು ಮಾತ್ರ ಕಾಣುತ್ತದೆ, ಆಗ ಅದನ್ನು ಮೋಡದ ಮಿನುಗು ಬಣ್ಣವೆಂದು ಭಾವಿಸುವವರು ಬಹಳ. ಮಿನುಗು ಬಣ್ಣ ಸೂರ್ಯನ ಹತ್ತಿರದ ಮೋಡಗಳಲ್ಲಿ ಗುಲಾಬಿ, ಹಸಿರು ತೇಪೆಗಳಾಗಿ ಹರಡಿರುತ್ತದೆ, ಕ್ರಮವಿರುವುದಿಲ್ಲ. ತುಂಡು ಎಷ್ಟೇ ಚಿಕ್ಕದಿದ್ದರೂ ಸೂರ್ಯನಿಂದ ಸುಮಾರು 46 ಡಿಗ್ರಿ ಇಲ್ಲವೇ ಇನ್ನೂ ಹೆಚ್ಚು ದೂರ, ಕೆಂಪು ಮೇಲೆ ಎಂದಾದರೆ ಅದು ಮಿನುಗು ಬಣ್ಣವಲ್ಲ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇದು ಅತಿ ಅಪರೂಪವೆಂದೇ ಬರೆದಿರುತ್ತಾರೆ. ಲಂಡನ್ನಿನಲ್ಲಿ ಕೂತವರಿಗೆ ಆ ಮಾತು ಸರಿ, ಅಲ್ಲಿ ಜೂನ್ ಆಸುಪಾಸಿನ ಮಧ್ಯಾಹ್ನಗಳಲ್ಲಿ ಮಾತ್ರ ಸೂರ್ಯ 58 ಡಿಗ್ರಿ ದಾಟುತ್ತಾನೆ. ಕಾಸರಗೋಡು 12.5 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ಜನವರಿ ಕೊನೆಯ ವಾರದಿಂದ ನವೆಂಬರ್ ನಡುವಿನವರೆಗೂ ಮಧ್ಯಾಹ್ನದ ಸೂರ್ಯ ಸಾಕಷ್ಟು ಮೇಲಿರುತ್ತಾನೆ. ಏಪ್ರಿಲ್ 15ರಂದು ಬೆಳಿಗ್ಗೆ 10:20ರಿಂದ ಮಧ್ಯಾಹ್ನ 2:40ರ ತನಕ ಅವಕಾಶವಿತ್ತು. ಅಡ್ಡಿಯಾಗುವುದು ಮಳೆಗಾಲದ ದಪ್ಪ ಮೋಡ. ಜೊತೆಗೆ, ಆ ಬಿಸಿಲಿಗೆ ತಲೆಯೆತ್ತಿ ಆಕಾಶ ನೋಡುವವರೂ ಕಡಿಮೆ. ನೋಡುವವರು ಸೂರ್ಯನನ್ನು ಮಾಡಿನ ಅಂಚಿಗೋ ತೆಂಗಿನ ಕಾಂಡಕ್ಕೋ ಮರೆಮಾಡಿಕೊಂಡೇ ನೋಡಬೇಕು.

ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನ ತನಕ ನಮ್ಮ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಹಾಗಾಗಿ ಆ ಹೊತ್ತಿನ ಕಮಾನನ್ನು ಉತ್ತರದ ಕಡೆ ಹುಡುಕಬೇಕು. ಅಂಥ ಫೋಟೋ ನನ್ನ ಪಟ್ಟಿಗೆ ಇನ್ನೂ ಬಂದಿಲ್ಲ. ಮತ್ತೊಂದು ಖಾಲಿ ಸಾಲು, ಒಂದೇ ದಿನದ ಜೋಡಿ: ಸನ್‌ಡಾಗ್ ಮೂಡಿಸುವುದೂ ಇದೇ ಮಟ್ಟಸ ಬಿಲ್ಲೆಗಳೇ ಆದ್ದರಿಂದ, ಮಧ್ಯಾಹ್ನ ಕಮಾನು ಕೊಟ್ಟ ಸಿರಸ್ ಮೋಡ ಸಂಜೆಯವರೆಗೆ ಉಳಿದರೆ ಸೂರ್ಯನ ಎಡಬಲಕ್ಕೆ 22 ಡಿಗ್ರಿಗಿಂತ ತುಸು ಆಚೆ ಸನ್‌ಡಾಗ್ ಕಾಣುವ ಸಾಧ್ಯತೆ ಇದೆ. ಮಧ್ಯಾಹ್ನದ ಫೋಟೋ ಕಳಿಸಿದವರಿಗೆಲ್ಲ ಈಗ ನಾಲ್ಕೂವರೆ ಗಂಟೆಯ ನಂತರ ಪಡುವಣದ ಫೋಟೋವನ್ನೂ ತೆಗೆದಿಡಿ ಎಂದು ಹೇಳುತ್ತಿದ್ದೇನೆ.