ಇಸವಿ ಅಳಿಸಿದ ಕಾಲಾಣೆ

"ಮೇಷ್ಟ್ರೇ, ಇದರಲ್ಲಿ ಇಸವಿನೇ ಕಾಣ್ತಿಲ್ಲ. ಸುಮ್ನೆ ಒಂದ್ಸಲ ನೋಡಿ, ಯಾವ ಕಾಲದ್ದು ಅಂತ ಹೇಳಿಬಿಡಿ."

ಸುಮ್ನೆ ನೋಡಿ ಹೇಳಲು ಆಗುವುದಿಲ್ಲ. ಮೊದಲು ತೂಗಬೇಕು, ಅಳೆಯಬೇಕು, ಅಂಚು ಸವರಬೇಕು. ನೋಡುವುದು ಕೊನೆಗೆ. ಹಾಸನದ ಬಸ್ ಸ್ಟಾಂಡಿನಲ್ಲಿ ನಿಂತು ಇದನ್ನು ಹೇಳಿದ್ದೇನೆ, ಮದುವೆಮನೆಯಲ್ಲಿ ಎಲೆ ಮುಂದೆ ಕೂತು ಹೇಳಿದ್ದೇನೆ. ಇನ್ನು ಬಾಯಲ್ಲಿ ಹೇಳುವುದು ಸಾಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕಿರಿಕಿರಿಯಾಗುವುದು ಆ "ಸುಮ್ನೆ ನೋಡಿ" ಎಂಬ ಮಾತಿನಿಂದ. ಅಂಗೈ ಮೇಲೆ ನಾಣ್ಯ ಇಟ್ಟು ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಫೋಟೋದಲ್ಲಿ ತೂಕ ಇರುತ್ತದೆಯೇ? ದಪ್ಪ ಇರುತ್ತದೆಯೇ? ಕಾಲಾಣೆಯೂ ಅರ್ಧಾಣೆಯೂ ಒಂದೇ ಥರ ಕಾಣುತ್ತವೆ. ಸವೆದ ನಾಣ್ಯದಲ್ಲಿ ಕಣ್ಣಿಗೆ ಬೇಕಾದದ್ದೇ ಹೋಗಿರುತ್ತದೆ. ಉಳಿದಿರುವುದು ಕೈಗೆ ಮತ್ತು ತಕ್ಕಡಿಗೆ ಗೊತ್ತಾಗುವಂಥದ್ದು.

ಒಂದು ನಾಣ್ಯದ ಕಥೆ ಪೂರ್ತಿ ಹೇಳುತ್ತೇನೆ. ಆಲೂರು ಕಡೆಯ ಒಬ್ಬ ಹುಡುಗ ಶುಂಠಿ ಕೀಳುವಾಗ ಸಿಕ್ಕಿತು ಅಂತ ತಂದುಕೊಟ್ಟಿದ್ದ. ಎರಡೂ ಮುಖ ನುಣ್ಣಗೆ. ಕಂದು ಬಣ್ಣ, ಅಲ್ಲಲ್ಲಿ ಹಸಿರು ಕಿಲುಬು. ಅಕ್ಷರ ಒಂದೂ ಓದಲು ಬರುವಂತಿರಲಿಲ್ಲ. ಅವನು ಆಗಲೇ ನಾಲ್ಕು ಜನರನ್ನು ಕೇಳಿ, ಟಿಪ್ಪು ಕಾಲದ್ದು ಅಂತ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ಬಂದಿದ್ದ.

ಮೊದಲು ಅಂಚು. ಉಗುರಿನಿಂದ ಸುತ್ತ ಸವರಿದೆ. ಎಲ್ಲೂ ಗೀರು ಸಿಗಲಿಲ್ಲ. ಇಲ್ಲಿ ಒಂದು ಅನುಮಾನ ಬರುತ್ತದೆ: ಗೀರು ಇದ್ದು ಸವೆದಿದೆಯೋ, ಮೊದಲಿಂದಲೇ ಇರಲಿಲ್ಲವೋ? ಅಂಚು ಎಲ್ಲಾ ಕಡೆ ಸಮನಾಗಿ ಸವೆಯುವುದು ಕಡಿಮೆ. ಗೀರು ಇದ್ದ ನಾಣ್ಯವಾದರೆ ಭೂತಗನ್ನಡಿ ಹಿಡಿದು ನಿಧಾನವಾಗಿ ತಿರುಗಿಸಿದಾಗ ಎಲ್ಲೋ ಒಂದು ಕಡೆ ನಾಲ್ಕೈದು ಗೀರು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತವೆ. ಇದರಲ್ಲಿ ಏನೂ ಇರಲಿಲ್ಲ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗೆ ಗೀರಿನ ಅಂಚು, ತಾಮ್ರದ ಚಿಲ್ಲರೆಗೆ ನುಣುಪು ಅಂಚು. (ಆರನೇ ಜಾರ್ಜ್ ರೂಪಾಯಿ ಸಿಕ್ಕರೆ ಅಂಚನ್ನೇ ಮೊದಲು ನೋಡಿ. ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆಯಂಥ ಗೆರೆ ಇದ್ದರೆ ಅದು 1940ರಿಂದ ಈಚಿನದು. ಆಗ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು.)

ಆಮೇಲೆ ಅಳತೆ. ಕ್ಯಾಲಿಪರ್‌ನಲ್ಲಿ ಹಿಡಿದರೆ 25 ಮಿಲಿಮೀಟರಿಗೆ ಸ್ವಲ್ಪ ಮೇಲೆ ಬಂತು. ಒಂದೇ ಕಡೆ ಅಳೆದು ಬಿಡಬಾರದು, ನಾಣ್ಯವನ್ನು ತಿರುಗಿಸಿ ಮೂರು ಕಡೆ ಅಳೆಯಬೇಕು. ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಬಂತು. ಅಂದರೆ ಯಂತ್ರದಲ್ಲಿ ಅಚ್ಚಾದ ದುಂಡು. ಟಿಪ್ಪುವಿನ ತಾಮ್ರದ ಕಾಸು ಕೈಯಿಂದ ಬಡಿದು ಅಚ್ಚು ಹಾಕಿದ್ದು, ಇಷ್ಟು ಸರಿಯಾಗಿ ದುಂಡಗಿರುವುದಿಲ್ಲ. ಹುಡುಗನ ಮುಖ ಅಲ್ಲೇ ಸಪ್ಪಗಾಯಿತು. ನನಗೂ ಬೇಜಾರಾಯಿತು, ಆದರೆ ಸುಳ್ಳು ಹೇಳಿ ಕಳಿಸಲು ಆಗುತ್ತದೆಯೇ?

ನುಣುಪು ಅಂಚು, ತಾಮ್ರದ ಬಣ್ಣ, ಸುಮಾರು ಇಪ್ಪತ್ತೈದೂವರೆ ಮಿಲಿಮೀಟರ್. ನಮ್ಮ ಕಡೆ ಹೊಲದಲ್ಲಿ ಇಂಥದ್ದು ಸಿಕ್ಕರೆ ನಾನು ಮೊದಲು ನೆನೆಯುವುದು ಕಾಲಾಣೆಯನ್ನು. ಅರವತ್ತನಾಲ್ಕು ಸೇರಿದರೆ ಒಂದು ರೂಪಾಯಿ. ಆದರೆ ಕಾಲಾಣೆ 1835ರಿಂದ 1942ರವರೆಗೆ ಹೆಚ್ಚುಕಡಿಮೆ ಇದೇ ಅಗಲದಲ್ಲಿ ಬಂದಿದೆ. ಕಂಪನಿ ಕಾಲ, ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್. ಬರೀ ಅಗಲ ನೋಡಿ ಈ ನೂರು ವರ್ಷದಲ್ಲಿ ಒಂದು ವರ್ಷವನ್ನೂ ಕಳೆಯಲು ಬರುವುದಿಲ್ಲ.

ಅಲ್ಲಿ ಸಹಾಯಕ್ಕೆ ಬರುವುದು ತಕ್ಕಡಿ. ಪರಿಚಯದ ಚಿನ್ನದ ಅಂಗಡಿಗೆ ಹೋಗಿ ತೂಗಿಸಿದೆವು. 5.81 ಗ್ರಾಂ.

ಈ ಒಂದು ಸಂಖ್ಯೆಯಲ್ಲಿ ಎಷ್ಟು ಇದೆ ನೋಡಿ. ಮೊದಲು ಕಾಲಾಣೆ ಶುದ್ಧ ತಾಮ್ರದ್ದಾಗಿತ್ತು, ಹೊಸದರಲ್ಲಿ 6.47 ಗ್ರಾಂ. 1906ರಲ್ಲಿ ಅದನ್ನು ಕಂಚಿಗೆ ಬದಲಾಯಿಸಿದರು. ಅಗಲ ಹಾಗೇ ಇಟ್ಟು ತೂಕವನ್ನು 4.86 ಗ್ರಾಂಗೆ ಇಳಿಸಿದರು. ಹಾಗಾಗಿ ಕಂಚಿನದು ತೆಳ್ಳಗೆ. ಸವೆತ ತೂಕವನ್ನು ಕಳೆಯುತ್ತದೆ, ಕೂಡಿಸುವುದಿಲ್ಲ. 4.86 ಗ್ರಾಂ ಇದ್ದ ನಾಣ್ಯ ಎಷ್ಟು ಜನರ ಜೇಬು ಸುತ್ತಿದರೂ 5.81 ಆಗಲು ಸಾಧ್ಯವಿಲ್ಲ. ಕಿಲುಬು ಮತ್ತು ಮಣ್ಣು ಸ್ವಲ್ಪ ತೂಕ ಕೂಡಿಸುತ್ತವೆ, ನಿಜ. ಆದರೆ ಇಲ್ಲಿ ವ್ಯತ್ಯಾಸ ಸುಮಾರು ಒಂದು ಗ್ರಾಂ. ಅಷ್ಟು ಮೆತ್ತಿಕೊಂಡಿದ್ದರೆ ಬರಿಗಣ್ಣಿಗೇ ಹೆಂಟೆಯ ಹಾಗೆ ಕಾಣುತ್ತಿತ್ತು. ಹಾಗಾಗಿ ಇದು ತಾಮ್ರದ ಕಾಲಾಣೆ. 1906ರ ಆಚೆಯದಲ್ಲ.

ಕೆಲವರು ನೀರಿನಲ್ಲಿ ಮುಳುಗಿಸಿ ತೂಗಿ ಲೋಹ ಕಂಡುಹಿಡಿಯಿರಿ ಅನ್ನುತ್ತಾರೆ. ಬೆಳ್ಳಿಯೋ ಅಲ್ಲವೋ ನೋಡಲು ಅದು ಒಳ್ಳೆಯ ವಿಧಾನ. ಇಲ್ಲಿ ಉಪಯೋಗವಿಲ್ಲ. ತಾಮ್ರಕ್ಕೂ ಈ ಕಂಚಿಗೂ ಸಾಂದ್ರತೆಯಲ್ಲಿ ನೂರಕ್ಕೆ ಒಂದರಷ್ಟೇ ವ್ಯತ್ಯಾಸ, ಏಕೆಂದರೆ ಈ ಕಂಚಿನಲ್ಲೂ 95 ಪಾಲು ತಾಮ್ರವೇ. ಇಷ್ಟು ಚಿಕ್ಕ ನಾಣ್ಯದಲ್ಲಿ ಆ ವ್ಯತ್ಯಾಸ ಅಂಗಡಿ ತಕ್ಕಡಿಗೆ ಸಿಗುವುದಿಲ್ಲ. ಬಣ್ಣವನ್ನೂ ನಂಬಬೇಡಿ. ಮಣ್ಣಿನಲ್ಲಿ ಬಿದ್ದಿದ್ದರೆ ಎರಡೂ ಒಂದೇ ಕಂದು.

ಈಗ ನೋಡುವ ಸರದಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ನಾಣ್ಯದ ಮೇಲೆ ಅಡ್ಡಡ್ಡ ಹಾಯುವ ಹಾಗೆ ಹಿಡಿದೆ. ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣದು. ಅಡ್ಡ ಬೆಳಕಿನಲ್ಲಿ ಕೂದಲೆಳೆಯಷ್ಟು ಎತ್ತರವೂ ನೆರಳು ಬೀಳಿಸುತ್ತದೆ. ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಹೋದಾಗ ಒಂದು ತಲೆಯ ಹೊರಗೆರೆ ಎದ್ದಿತು. ಕಣ್ಣು, ಕಿವಿ, ಗಡ್ಡದ ಎಳೆ ಯಾವುದೂ ಇಲ್ಲ. ಆದರೆ ಮೂಗಿನ ದಿಕ್ಕು ಗೊತ್ತಾಯಿತು. ಬಲಕ್ಕೆ. ನೆತ್ತಿ ದುಂಡಗಿತ್ತು, ಕಿರೀಟದ ಉಬ್ಬು ಇರಲಿಲ್ಲ.

ಕಾಲಾಣೆಯ ಮೇಲೆ ವಿಕ್ಟೋರಿಯಾ ಎಡಕ್ಕೆ ನೋಡುತ್ತಾಳೆ, ಕಿರೀಟ ಇದೆ. ಐದನೇ ಜಾರ್ಜ್ ಮತ್ತು ಆರನೇ ಜಾರ್ಜ್ ಕೂಡ ಎಡಕ್ಕೆ, ಕಿರೀಟದ ಜೊತೆ. ಕಂಪನಿ ಕಾಲದ ಕಾಲಾಣೆಯಲ್ಲಿ ತಲೆಯೇ ಇಲ್ಲ, ಲಾಂಛನ ಮಾತ್ರ. ಬರಿದಲೆಯಲ್ಲಿ ಬಲಕ್ಕೆ ನೋಡುವವನು ಏಳನೇ ಎಡ್ವರ್ಡ್ ಒಬ್ಬನೇ. ಅವನ ಕಾಲಾಣೆಗಳ ಮೇಲಿನ ಇಸವಿ 1903ರಿಂದ 1910. ತೂಕದಿಂದ 1906ರ ಆಚೆಯದಲ್ಲ ಅಂತ ಆಗಲೇ ಗೊತ್ತಾಗಿತ್ತು. ಅಂದಮೇಲೆ ಉಳಿಯುವುದು 1903, 1904, 1905, 1906. ಒಂದು ಅಂಕಿಯನ್ನೂ ಓದದೆ ನಾಲ್ಕು ವರ್ಷಕ್ಕೆ ಬಂದೆವು. ಇದಕ್ಕಿಂತ ಹತ್ತಿರ ಹೋಗಲು ಆ ನಾಣ್ಯ ಬಿಡುವುದಿಲ್ಲ. ಯಾರಾದರೂ "ಇದು 1904ನೇ ಇಸವಿಯದೇ" ಅಂತ ಹೇಳಿದರೆ ಅವರು ಊಹೆ ಮಾಡುತ್ತಿದ್ದಾರೆ.

ತೂಕ 4.6 ಗ್ರಾಂ ಬಂದಿದ್ದರೆ? ಆಗ ಕೆಲಸ ಕಷ್ಟ. ಅದು ಸ್ವಲ್ಪ ಸವೆದ ಕಂಚು ಆಗಿರಬಹುದು, ತುಂಬಾ ಸವೆದ ತಾಮ್ರವೂ ಆಗಿರಬಹುದು. ಆಗ ಮುಖ ಎಷ್ಟು ಉಳಿದಿದೆ ಅಂತ ನೋಡಬೇಕು. ಕಾಲು ಪಾಲಿಗಿಂತ ಹೆಚ್ಚು ಲೋಹ ಕಳೆದುಕೊಂಡ ತಾಮ್ರದ ಕಾಲಾಣೆಯಲ್ಲಿ ಕಿವಿ ಕೂದಲು ಉಳಿದಿರಲು ಸಾಧ್ಯವಿಲ್ಲ. ಉಳಿದಿದ್ದರೆ ಕಂಚು. ಎರಡೂ ಮುಖ ಬೋಳಾಗಿದ್ದರೆ ಗೊತ್ತಾಗುವುದಿಲ್ಲ ಅಂತಲೇ ಹೇಳುತ್ತೇನೆ. ಜನಕ್ಕೆ ಈ ಉತ್ತರ ಇಷ್ಟವಾಗುವುದಿಲ್ಲ. ಬೇಕಾದರೆ ಕೋಪ ಮಾಡಿಕೊಳ್ಳಲಿ.

ಇನ್ನೊಂದು ಬಲೆ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ಸಿಕ್ಕ ಒಂದು ನಾಣ್ಯ. ನುಣುಪು ಅಂಚು, ಅದೇ ಅಗಲ, 5.4 ಗ್ರಾಂ, ಬಲಕ್ಕೆ ನೋಡುವ ಬರಿದಲೆ. ಎಡ್ವರ್ಡನ ತಾಮ್ರದ ಕಾಲಾಣೆ ಅಂತ ಹೇಳಿಯೂಬಿಟ್ಟೆ. ರಾತ್ರಿ ಟಾರ್ಚ್ ಹಾಕಿ ಇನ್ನೊಂದು ಮುಖ ನೋಡಿದಾಗ ಅಲ್ಲಿ ಕೂತ ಹೆಂಗಸಿನ ನೆರಳು. ಕಾಲಾಣೆಯ ಹಿಂದೆ ಮಣಿ ಪೋಣಿಸಿದಂಥ ಒಂದು ವೃತ್ತ, ಅದರೊಳಗೆ ಅಕ್ಷರ, ಸುತ್ತ ಹೂಬಳ್ಳಿ ಇರಬೇಕು. ಇದು ಇಂಗ್ಲೆಂಡಿನ ಅರ್ಧ ಪೆನ್ನಿ. ಅದೂ ಸುಮಾರು 25.5 ಮಿಲಿಮೀಟರ್, ಕಂಚಿನದು, ಹೊಸದರಲ್ಲಿ 5.67 ಗ್ರಾಂ. ತೋಟಗಳಲ್ಲಿ ಬಿಳಿ ಸಾಹೇಬರಿದ್ದರು ಎಂಬುದು ಮೊದಲೇ ನೆನಪಿಗೆ ಬರಬೇಕಿತ್ತು. ಮಾರನೇ ದಿನ ಫೋನ್ ಮಾಡಿ ತಪ್ಪಾಯಿತು ಅಂದೆ. ಶುಂಠಿ ಹೊಲದ ನಾಣ್ಯ ಅರ್ಧ ಪೆನ್ನಿ ಅಲ್ಲ ಅಂತ ಧೈರ್ಯವಾಗಿ ಹೇಳಲು ಬರೀ ತೂಕ ಸಾಲುತ್ತಿರಲಿಲ್ಲ, 5.67ಕ್ಕೂ 5.81ಕ್ಕೂ ಅಂತರ ಕಡಿಮೆ. ಅದರ ಹಿಂದೆ ಮಣಿವೃತ್ತದ ಒಂದು ತುಂಡು ಉಳಿದಿತ್ತು. ಅದೇ ಸಾಕ್ಷಿ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ಮೇಷ್ಟ್ರೇ, ತೊಳೆದು ತರಲಾ?" ಇದನ್ನು ಯಾರೂ ಕೇಳುವುದಿಲ್ಲ. ತೊಳೆದೇ ತರುತ್ತಾರೆ. ಬೇಲೂರಿನ ಒಬ್ಬ ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ಪೂಜೆ ಚೆಂಬಿನ ಹಾಗೆ ಫಳಫಳ ಹೊಳೆಸಿ ಒಂದು ಕಾಲಾಣೆ ತಂದಿದ್ದರು. ಪ್ರೀತಿಯಿಂದ ಮಾಡಿದ್ದರು, ನಾನು ಏನು ಹೇಳಲಿ? ಅಕ್ಷರ ಸವೆದು ಮಟ್ಟಸವಾದರೂ ಅದರ ಸಂದಿಯಲ್ಲಿ ಕಪ್ಪು ಕೂತಿರುತ್ತದೆ. ಆ ಕಪ್ಪೇ ಅಕ್ಷರದ ಆಕಾರ ಹೇಳುವುದು. ಹುಳಿ ಅದನ್ನು ತಿಂದುಹಾಕಿತ್ತು, ಬೂದಿ ಉಳಿದ ಉಬ್ಬನ್ನೂ ಉಜ್ಜಿತ್ತು. ಅಡ್ಡ ಬೆಳಕಿನಲ್ಲಿ ಅಜ್ಜಿ ಉಜ್ಜಿದ ಗೀರುಗಳು ಮಾತ್ರ ಕಂಡವು. ತೂಕ 4.7. ಮುಖದ ದಿಕ್ಕು ತಿಳಿಯಲಿಲ್ಲ.

ಮಣ್ಣಿದ್ದರೆ ಬರೀ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಬೆಳಿಗ್ಗೆ ಹತ್ತಿ ಬಟ್ಟೆಯ ಮೇಲೆ ಇಟ್ಟು ಒತ್ತಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ತೂಗಿಸಿ, ತೂಕವನ್ನು ಚೀಟಿಯಲ್ಲಿ ಬರೆದು ತನ್ನಿ. ಆಲೂರಿನ ಹುಡುಗ ಈಗ ಹಾಗೇ ಮಾಡುತ್ತಾನೆ. ಹೋದ ತಿಂಗಳು ಅವನ ಚೀಟಿಯಲ್ಲಿ 6.2 ಅಂತ ಇತ್ತು, ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಎಡಕ್ಕೆ, ಕಿರೀಟ ಇದೆ" ಅಂತ ಬರೆದಿದ್ದ. ವಿಕ್ಟೋರಿಯಾ ಅಂತ ನಾನು ಹೇಳುವ ಮೊದಲೇ ಅವನೇ ಹೇಳಿದ.